ಇಲ್ಲದ ತೆರಿಗೆಗೆ ಕಡಿತವೇಕೆ?

ನಾನು ಕೆಲಸಕ್ಕಿರುವುದು ಜೂರಾಲ ಅಣೆಕಟ್ಟಿನ ಗೇಟ್ ರಿಪೇರಿಯ ಗುತ್ತಿಗೆಯಲ್ಲಿ. ಅಲ್ಲಿ ನೀರಾವರಿ ಇಲಾಖೆಯಿಂದ 61ಕ್ಕೆ ನಿವೃತ್ತರಾದ ಮಕ್ತಲದ ಹಿರಿಯರೊಬ್ಬರು ಮೊನ್ನೆ ಪಾಸ್‌ಬುಕ್ ತೋರಿಸಿ ಕೇಳಿದರು: "ತಮ್ಮಾ, 61,500 ಬರಬೇಕಿತ್ತು, 55,350 ಬಂದದ. ಉಳಿದದ್ದು ಎಲ್ಲಿ ಹೋಯ್ತು?"

ನಿವೃತ್ತಿಯಲ್ಲಿ ಅವರಿಗೆ ಬಂದ ಗ್ರಾಚ್ಯುಟಿ, ರಜೆಯ ಹಣ, ಪಿಂಚಣಿಯ ಒಂದು ಭಾಗ ಬಿಟ್ಟುಕೊಟ್ಟು ಪಡೆದ ಇಡಿಗಂಟು, ಸರ್ಕಾರಿ ನೌಕರರಾದ್ದರಿಂದ ಇಷ್ಟಕ್ಕೂ ತೆರಿಗೆ ಇಲ್ಲ. ಖಾಸಗಿಯವರಿಗೆ ಹಾಗಲ್ಲ, ಗ್ರಾಚ್ಯುಟಿ ಸಿಕ್ಕಿದ್ದರೆ ಪಿಂಚಣಿಯ ಪೂರ್ಣ ಇಡಿಗಂಟಿನ ಮೂರನೇ ಒಂದು ಪಾಲಿಗಷ್ಟೇ ವಿನಾಯಿತಿ. ಹಿರಿಯರು 30 ಲಕ್ಷವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟರು. ಅಸಲಿಗೆ ತೆರಿಗೆ ಇಲ್ಲ, ಆದರೆ ಅದರ ಬಡ್ಡಿ ಆದಾಯ. ಶೇ 8.2ರಂತೆ ವರ್ಷಕ್ಕೆ 2,46,000. ವರ್ಷದ ಬಡ್ಡಿ ಒಂದು ಲಕ್ಷ ದಾಟಿದರೆ ಶೇ 10 ಮೊದಲೇ ಹಿಡಿಯುತ್ತಾರೆ.

ಅಂಗಡಿಯವನ ಮಗ ನಾನು, ಲೆಕ್ಕ ಬಿಡುವುದಿಲ್ಲ. ಪಿಂಚಣಿ ತಿಂಗಳಿಗೆ 40,000, ವರ್ಷಕ್ಕೆ 4,80,000. ಅದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 4,05,000. ಬಡ್ಡಿ ಸೇರಿಸಿ 6,51,000. ಹೊಸ ಪದ್ಧತಿಯಲ್ಲಿ 2025-26ಕ್ಕೆ 4 ಲಕ್ಷದ ಮೇಲಿನದಕ್ಕೆ ಶೇ 5, ಅಂದರೆ 12,550. ಆದಾಯ 12 ಲಕ್ಷ ದಾಟದ್ದರಿಂದ ಅದೂ ರಿಬೇಟಿನಲ್ಲಿ ಹೋಗಿ ಸೊನ್ನೆಯಾಗುತ್ತದೆ. ಆದರೂ ವರ್ಷಕ್ಕೆ 24,600 ಹಿಡಿದಿಡುತ್ತಾರೆ!

ಅದನ್ನು ತಡೆಯಲು 2025-26ರಲ್ಲಿದ್ದ ಕಾಗದ 15H. 60 ದಾಟಿದವರು, ರಿಬೇಟ್ ನಂತರ ತೆರಿಗೆ ಸೊನ್ನೆಯಾಗುವವರು ಇಂಥ ಕಾಗದವನ್ನು ಪ್ಯಾನ್ ಸಮೇತ ಪ್ರತಿ ವರ್ಷ ಆರಂಭದಲ್ಲೇ ಹಣವಿಟ್ಟ ಕಡೆಯಲ್ಲೆಲ್ಲ ಕೊಡಬೇಕು. ಹಿರಿಯರು ಖಾತೆ ತೆರೆದ ದಿನ ಕೌಂಟರಿನಲ್ಲಿ ಯಾರೂ ಈ ಮಾತೆತ್ತಲಿಲ್ಲ. ಹಿಡಿದ ಹಣ ರಿಟರ್ನ್ ಹಾಕಿದರೆ ವಾಪಸು ಬರುತ್ತದೆ ನಿಜ. ಆದರೆ ಅಷ್ಟು ತಿಂಗಳ ಔಷಧಿ ಖರ್ಚು ಯಾರು ಕೊಡುತ್ತಾರೆ? ಖಾತೆ ತೆರೆಯುವ ಅರ್ಜಿಯ ಜೊತೆಗೇ ಈ ಕಾಗದವನ್ನೂ ಮುಂದಿಡುವ ನಿಯಮ ಬರಬೇಕೆಂಬುದು ನನ್ನ ವಾದ. ಇನ್ನೊಂದು: ಈ ಕಾಗದ ಕೊಟ್ಟರೂ ಆದಾಯ 4 ಲಕ್ಷ ದಾಟಿದ್ದರೆ ರಿಟರ್ನ್ ಹಾಕಲೇಬೇಕು. ತೆರಿಗೆ ಇಲ್ಲವೆಂದು ಸುಮ್ಮನೆ ಕೂರುವಂತಿಲ್ಲ.

ನಮ್ಮ ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬಡ್ಡಿ ತಿನ್ನದೆ ಬಡವರಿಗೆ ಕೊಟ್ಟುಬಿಟ್ಟರೆ ಲೆಕ್ಕಕ್ಕೆ ಬರುವುದಿಲ್ಲ ಎಂದು ಉಪ್ಪ ಕೂಡ ನಂಬಿದ್ದರು. ತೆರಿಗೆ ಇಲಾಖೆ ಹಾಗೆ ನೋಡುವುದಿಲ್ಲ. ಪ್ಯಾನ್ ಮೇಲೆ ಬಿದ್ದ ಬಡ್ಡಿ ನಿಮ್ಮ ಆದಾಯವೇ, ಯಾರಿಗೆ ಕೊಟ್ಟರೂ. ರಿಟರ್ನಿನಲ್ಲಿ ಬಿಟ್ಟರೆ ಆಮೇಲೆ ನೋಟಿಸು ಬಂದೀತು. ಹಿರಿಯರಿಗೆ ನಾನೇ ಫಾರಂ ತುಂಬಿಸಿ ಕೊಟ್ಟೆ, ಮುಂದಿನ ಕಂತಿಗೆ ಪಾಸ್‌ಬುಕ್ಕಿನಲ್ಲಿ 61,500 ಪೂರ್ತಿ ಬಂತು.