ಷರಾ ಬೇಡ, ಮಾತು ಬೇಕು

ಮನೋವೈದ್ಯಕೀಯ ಕಲಿಯುವವರ ಕೇಸ್ ಶೀಟಿನಲ್ಲಿ ಮತ್ತೆ ಮತ್ತೆ ಕಾಣುವ ಸಾಲು: ‘ಯೋಚನೆ ಅಸಂಬದ್ಧ, ಧ್ವನಿ ಕೇಳಿಸುತ್ತದೆ, ಒಳನೋಟವಿಲ್ಲ.’ ಇದು ತೀರ್ಪು, ವರ್ಣನೆಯಲ್ಲ.

ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ‘ಊಟ ಆಯ್ತಾ?’ ಎಂದರೆ ‘ಊಟ ಅಕ್ಕೀದು, ಅಕ್ಕಿ ಮಂಡ್ಯದ್ದು, ಮಂಡ್ಯದ ರೈಲು ಲೇಟು’ ಎನ್ನುತ್ತಾರೆ. ಉತ್ತರವನ್ನು ಹಾಗೇ ಬರೆದರೆ ಯೋಚನೆ ಎಲ್ಲಿ ಹಳಿ ತಪ್ಪಿತೆಂಬುದು ಮುಂದಿನ ವೈದ್ಯರಿಗೂ ಕಾಣುತ್ತದೆ. ಧ್ವನಿಯ ವಿಷಯದಲ್ಲೂ ಹಾಗೆಯೇ: ಪೂರ್ಣ ಎಚ್ಚರದಲ್ಲಿರುವಾಗ, ಗೋಡೆಯಾಚೆಯಿಂದ, ಇಬ್ಬರು ಗಂಡಸರು ‘ಈಗ ಎದ್ದಳು ನೋಡು’ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಅದು ನಿದ್ದೆಗೆ ಜಾರುವಾಗ ಕೇಳಿಸುವಂಥದ್ದಲ್ಲ ಎಂಬುದು ಆಗ ಸ್ಪಷ್ಟ.

ಒಳನೋಟದ ಪ್ರಶ್ನೆಗೆ ಆಕೆಯ ಉತ್ತರ: ‘ಕಾಯಿಲೆ ಏನಿಲ್ಲ. ಮಾತ್ರೆಯಿಂದ ನಿದ್ದೆ ಬರುತ್ತೆ, ತಗೋತೀನಿ.’ ಕಾಯಿಲೆ ಒಪ್ಪಿಲ್ಲ, ಚಿಕಿತ್ಸೆ ಒಪ್ಪಿದ್ದಾರೆ. ‘ಒಳನೋಟವಿಲ್ಲ’ ಎಂಬ ಷರಾ ಆ ಒಪ್ಪಿಗೆಯನ್ನೇ ಅಳಿಸುತ್ತದೆ; ಮುಂದಿನ ಚಿಕಿತ್ಸೆ ನಿಲ್ಲಬೇಕಾದದ್ದು ಅದರ ಮೇಲೆಯೇ.