ಥಂಬ್‌ನೇಲ್‌ನಿಂದ ಅವಳನ್ನ ಹೊರಗೆ ಹಾಕಿದ್ದು ಯಾರು? (ಫೋನಿನೊಳಗೆ ಏನಾಗುತ್ತೆ – ಭಾಗ 6)

ಕಾಲೇಜ್ ಡೇ ದಿನ ನಾವು ಐದು ಜನ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊ ಒಂದು ಆಪ್‌ಗೆ ಹಾಕಿದ್ದೆ. ಹತ್ತೇ ನಿಮಿಷಕ್ಕೆ ಮೆಸೇಜ್ ಬಂತು: "ನನ್ನನ್ನ ಕಟ್ ಮಾಡಿ ಹಾಕಿದ್ದೀಯಲ್ಲ, ಯಾಕೆ?" ನಾನು ಕಟ್ ಮಾಡಿರಲಿಲ್ಲ. ಫೋಟೊ ತೆರೆದರೆ ಬಲತುದಿಯಲ್ಲಿ ನಗ್ತಾ ಇದ್ದಾಳೆ. ಥಂಬ್‌ನೇಲ್‌ನಲ್ಲಿ ಮಾತ್ರ ನಾವು ನಾಲ್ಕೇ ಜನ. ಆದ್ರೆ ಹೆಚ್ಚಿನವರು ನೋಡೋದು ಥಂಬ್‌ನೇಲನ್ನೇ ತಾನೇ?

ಇದು ಹೇಗಾಗುತ್ತೆ ಅಂತ ಅಳತೆ ಹಾಕಿ ನೋಡಿದೆ. ನೀವೂ ಜೊತೆಗೆ ಲೆಕ್ಕ ಹಾಕಿ.

ಫೋಟೊ 4032 ಪಿಕ್ಸೆಲ್ ಅಗಲ, 3024 ಎತ್ತರ. ಥಂಬ್‌ನೇಲ್ ಚೌಕ, ಅಂದ್ರೆ 3024 × 3024. ಅಗಲದಲ್ಲಿ 1008 ಪಿಕ್ಸೆಲ್, ಸರಿಯಾಗಿ ಕಾಲು ಭಾಗ, ಹೋಗಲೇಬೇಕು. ಎಡದಿಂದ ಎಷ್ಟು, ಬಲದಿಂದ ಎಷ್ಟು ಅನ್ನೋದೊಂದೇ ಪ್ರಶ್ನೆ. ಮುಖ ನೋಡಿ ಕತ್ತರಿಸುವ ತಂತ್ರಾಂಶ ಸಾಮಾನ್ಯವಾಗಿ ಮೊದಲು ಮುಖಗಳನ್ನ ಹುಡುಕಿ, ಪ್ರತಿಯೊಂದರ ಸುತ್ತ ಒಂದು ಚೌಕಟ್ಟು ಎಳೆಯುತ್ತೆ. ಆಮೇಲೆ ಎಲ್ಲಾ ಮುಖಗಳೂ ಸೇರುವ ಒಂದು ದೊಡ್ಡ ಚೌಕಟ್ಟು ಮಾಡಿ, ಅದರ ನಡುಮಧ್ಯಕ್ಕೆ ಥಂಬ್‌ನೇಲನ್ನ ಕೂರಿಸುತ್ತೆ.

ನಮ್ಮ ಫೋಟೊದಲ್ಲಿ ಎಡದ ನಾಲ್ಕು ಮುಖಗಳು 325ರಿಂದ 2775ನೇ ಪಿಕ್ಸೆಲ್‌ವರೆಗೆ ಇವೆ. ನಡುಮಧ್ಯ 1550. ಅಲ್ಲಿಂದ ಎರಡೂ ಕಡೆ 1512 ಅಳೆದರೆ ಥಂಬ್‌ನೇಲ್ 38ರಿಂದ 3062ರವರೆಗೆ ಬರುತ್ತೆ. ಅವಳ ಮುಖ ಶುರುವಾಗೋದೇ 3425ಕ್ಕೆ. ಅವಳು ಪಕ್ಕಕ್ಕೆ ತಿರುಗಿದ್ದಳು, ಹಿಂದೆ ಕಿಟಕಿ ಇತ್ತು, ಮುಖಕ್ಕೆ ನೆರಳು ಬಿದ್ದಿತ್ತು. ಮುಖ ಹುಡುಕುವ ತಂತ್ರಾಂಶಗಳು ಎಡವೋದು ಹೆಚ್ಚಾಗಿ ಇಂಥ ಕಡೆಯೇ.

ಇಲ್ಲೊಂದು ವಿಷಯ ಗಮನಿಸಿ. ಐದನೇ ಮುಖವೂ ಸಿಕ್ಕಿದ್ದರೆ ದೊಡ್ಡ ಚೌಕಟ್ಟು 3450 ಪಿಕ್ಸೆಲ್ ಅಗಲ ಆಗ್ತಿತ್ತು. 3024ರೊಳಗೆ ಅದು ಹಿಡಿಸಲ್ಲ. ಆಗ ತಂತ್ರಾಂಶಕ್ಕೆ "ಇಲ್ಲಿ ತೊಂದರೆ ಇದೆ" ಅಂತಾದರೂ ಗೊತ್ತಾಗ್ತಿತ್ತು. ನಾಲ್ಕೇ ಸಿಕ್ಕಿದ್ರಿಂದ ಅದರ ಲೆಕ್ಕದಲ್ಲಿ ಎಲ್ಲರೂ ಒಳಗಿದ್ದಾರೆ, ಕೆಲಸ ಸರಿಯಾಗಿದೆ! ಅದು ಅವಳನ್ನ ಬೇಡ ಅನ್ನಲಿಲ್ಲ. ಎಣಿಸಲೇ ಇಲ್ಲ.

ಹಾಗಾದ್ರೆ ಮುಖ ಹುಡುಕೋದು ಬಿಟ್ಟು ಬೇರೆ ದಾರಿ ಹಿಡಿದರೆ? ಟ್ವಿಟರ್ ಅದನ್ನೇ ಮಾಡಿತ್ತು. ಮೊದಲು ಅಲ್ಲೂ ಮುಖ ನೋಡಿಯೇ ಕತ್ತರಿಸ್ತಿದ್ದರು. ಮುಖ ಸಿಗದಿದ್ದರೆ ಫೋಟೊದ ನಡುಭಾಗ. 2018ರಲ್ಲಿ ಹೊಸ ವಿಧಾನ ಬಂತು. ಜನ ಫೋಟೊ ನೋಡುವಾಗ ಕಣ್ಣು ಮೊದಲು ಎಲ್ಲಿ ನಿಲ್ಲುತ್ತೆ ಅನ್ನೋ ದಾಖಲೆಗಳಿಂದ ಕಲಿತ ಮಾದರಿ ಅದು. ಚಿತ್ರದ ಪ್ರತಿ ಜಾಗಕ್ಕೂ ಅಂಕ ಕೊಟ್ಟು, ಅತಿ ಹೆಚ್ಚು ಅಂಕದ ಒಂದು ಬಿಂದುವಿನ ಸುತ್ತ ಕತ್ತರಿಸ್ತಿತ್ತು.

2020ರ ಸೆಪ್ಟೆಂಬರ್‌ನಲ್ಲಿ ಬಳಕೆದಾರರು ಉದ್ದನೆಯ ಚಿತ್ರ ಮಾಡಿ ಅದರ ಒಂದು ತುದಿಗೆ ಒಬಾಮಾ, ಇನ್ನೊಂದು ತುದಿಗೆ ಸೆನೆಟರ್ ಮಿಚ್ ಮೆಕಾನೆಲ್ ಮುಖ ಹಾಕಿದರು. ಜಾಗ ಅದಲು ಬದಲು ಮಾಡಿದ್ರೂ ಥಂಬ್‌ನೇಲ್‌ಗೆ ಮೆಕಾನೆಲ್ ಮುಖವೇ ಬಂತು. ಗಲಾಟೆ ಆದಮೇಲೆ ಕಂಪನಿಯೇ ಪರೀಕ್ಷೆ ಮಾಡಿ 2021ರ ಮೇನಲ್ಲಿ ಫಲಿತಾಂಶ ಹೇಳಿತು: ಸಮಪಾಲಿನಿಂದ ಬಿಳಿಯರ ಪರವಾಗಿ ಶೇ 4ರಷ್ಟು ವ್ಯತ್ಯಾಸ. ಮಹಿಳೆಯರನ್ನೇ ಹೋಲಿಸಿದರೆ ಬಿಳಿ ಮಹಿಳೆಯರ ಪರ ಶೇ 7.

"ಇಷ್ಟೇನಾ?" ಅನ್ನಿಸಬಹುದು. ಆದ್ರೆ ಗೆಲ್ಲೋದು ಒಂದೇ ಬಿಂದು. ಒಂದು ಮುಖಕ್ಕೆ 51, ಇನ್ನೊಂದಕ್ಕೆ 50 ಅಂಕ ಬಂತು ಅಂದುಕೊಳ್ಳಿ. 50 ಬಂದವರು ಸ್ವಲ್ಪ ಚಿಕ್ಕದಾಗಿ ಕಾಣಲ್ಲ, ಪೂರ್ತಿ ಮಾಯ ಆಗ್ತಾರೆ. ಅಂಕದ ತಪ್ಪು ಚಿಕ್ಕದಿದ್ರೂ ಕತ್ತರಿ ಅದನ್ನ ಪೂರ್ತಿ ನಷ್ಟ ಮಾಡುತ್ತೆ. ಅದಕ್ಕೇ, ಮಾದರಿಗೆ ಇನ್ನಷ್ಟು ಫೋಟೊ ತೋರಿಸಿ ಕಲಿಸಿದರೆ ಎಲ್ಲ ಸರಿಹೋಗುತ್ತೆ ಅನ್ನೋ ಮಾತನ್ನ ನಾನು ಒಪ್ಪಲ್ಲ. ಟ್ವಿಟರ್ ಕೂಡ ಹೇಗೆ ಕತ್ತರಿಸಬೇಕು ಅನ್ನೋದನ್ನ ಜನರಿಗೇ ಬಿಡೋದು ಮೇಲು ಅಂತ ಹೇಳಿ, ಸಾಮಾನ್ಯ ಅಳತೆಯ ಒಂಟಿ ಫೋಟೊಗಳನ್ನ ಮೊಬೈಲ್‌ನಲ್ಲಿ ಪೂರ್ತಿ ತೋರಿಸೋಕೆ ಶುರು ಮಾಡಿತು.

ಎಲ್ಲಾ ಚೌಕಗಳೂ ಒಂದೇ ಅಳತೆಯಲ್ಲಿದ್ದರೆ ಪೇಜ್ ಚೆನ್ನಾಗಿ ಕಾಣುತ್ತೆ, ಒಪ್ತೀನಿ. ಒಬ್ಬರೇ ಇರುವ ಫೋಟೊಗೆ, ಊಟದ ತಟ್ಟೆಗೆ ಆಪ್ ತಾನಾಗಿಯೇ ಕತ್ತರಿಸಲಿ. ಗುಂಪಿನ ಫೋಟೊ ಆದ್ರೆ ಪೋಸ್ಟ್ ಮಾಡುವ ಮೊದಲು ಥಂಬ್‌ನೇಲ್ ತೋರಿಸಲಿ, ಬೆರಳಲ್ಲಿ ಸರಿಸೋಕೆ ಬಿಡಲಿ. ಎಲ್ಲರೂ ಹಿಡಿಸದಿದ್ದರೆ ಮೇಲೆ ಕೆಳಗೆ ಖಾಲಿ ಪಟ್ಟಿ ಬಿಡಲಿ. ಪಟ್ಟಿ ಚಂದ ಇಲ್ಲ ನಿಜ, ಆದ್ರೆ ಯಾರೂ ಹೊರಗೆ ಬೀಳಲ್ಲ.

ಅಲ್ಲಿಯವರೆಗೆ ಗುಂಪಿನ ಫೋಟೊ ಹಾಕಿದ ಕೂಡಲೇ ನಿಮ್ಮ ಪ್ರೊಫೈಲ್‌ಗೆ ಹೋಗಿ, ಚಿಕ್ಕ ಚೌಕದಲ್ಲಿ ತಲೆ ಎಣಿಸಿ. ಅದರಲ್ಲೂ ತುದಿಯಲ್ಲಿ ನಿಂತವರನ್ನ, ನೆರಳಲ್ಲಿ ಇರೋರನ್ನ. ನಾನು ನಮ್ಮ ಫೋಟೊ ಡಿಲೀಟ್ ಮಾಡಿ, ಪಟ್ಟಿ ಸೇರಿಸಿ ಮತ್ತೆ ಹಾಕಿದೆ. ಲೈಕ್ಸ್ ಎಲ್ಲ ಹೋಯ್ತು, ಐದೂ ಜನ ಇದ್ದೀವಿ.

ನಿಮ್ಮ ಯಾವ ಫೋಟೊದಲ್ಲಿ ಯಾರು ಕಾಣೆಯಾಗಿದ್ದಾರೆ? ನೋಡ್ಕೊಂಡು ಬಂದು ಕಾಮೆಂಟ್‌ನಲ್ಲಿ ಹೇಳಿ.