ಕೆಂಪು ಬಣ್ಣ ಬಳಿದ ಐದು ಹೆಸರು

ಎಚ್‌ಆರ್ ಕೆಲಸದಲ್ಲಿ ನಾನೇ ಮಾಡಿದ ತಪ್ಪೊಂದನ್ನ ಇವತ್ತು ಬರೀತೀನಿ. ಬೈಯೋರು ಬೈಯಬಹುದು.

ಹನ್ನೆರಡು ಜನರ ಕ್ಲೌಡ್ ಸಪೋರ್ಟ್ ತಂಡ. ಆರು ತಿಂಗಳಲ್ಲಿ ಎಲ್ಲರೂ ಎಡಬ್ಲ್ಯೂಎಸ್ ಕ್ಲೌಡ್ ಪ್ರಾಕ್ಟಿಷನರ್ ಸರ್ಟಿಫಿಕೇಟ್ ತಗೋಬೇಕು ಅಂತ ಮೇಲಿನಿಂದ ಬಂತು. ನಾನು ಒಂದು ಶೀಟ್ ಮಾಡಿದೆ. ಪಾಸಾದವರಿಗೆ ಹಸಿರು, ಆಗದವರಿಗೆ ಕೆಂಪು. ಅವಧಿ ಮುಗಿದ ದಿನ ಅದನ್ನ ಇಡೀ ತಂಡಕ್ಕೆ ಮೇಲ್ ಮಾಡಿಬಿಟ್ಟೆ. ಏಳು ಹಸಿರು, ಐದು ಕೆಂಪು, ಶೇ. 58. ಮ್ಯಾನೇಜರ್ ಒಬ್ಬರು "ಮೆರಿಟ್ ಇರೋರು ಯಾರು ಅಂತ ಗೊತ್ತಾಯ್ತಲ್ಲ" ಅಂದರು. ಆ ಮಾತನ್ನ ಜೀವನಪೂರ್ತಿ ಕೇಳಿ ಬೆಳೆದವನು ನಾನು. ಆದರೂ ಆವತ್ತು ಸುಮ್ಮನಿದ್ದೆ.

ಮಾರನೇ ದಿನ ಕೆಂಪು ಹೆಸರಿನ ಹುಡುಗನೊಬ್ಬ ಬಂದ. "ಸರ್, ಓದೋಕೆ ಅಂತ ನೀವು ಕೊಟ್ಟ ಟೈಮು ಶುಕ್ರವಾರ ಮಧ್ಯಾಹ್ನ ಮೂರರಿಂದ ಐದು. ಆಗ ನಾನು ಮಲಗಿರ್ತೀನಿ" ಅಂದ.

ಶೀಟನ್ನ ಪಾಳಿಯ ಪ್ರಕಾರ ಒಡೆದು ನೋಡಿದೆ. ಹಗಲು ಪಾಳಿ ಏಳು ಜನ, ಆರು ಪಾಸು. ರಾತ್ರಿ ಪಾಳಿ ಐದು ಜನ, ಒಬ್ಬ ಪಾಸು. ನಾನು ಅಳೆದಿದ್ದು ಕಲಿಕೆಯನ್ನಲ್ಲ, ರೋಸ್ಟರನ್ನ.

ಆ ಐವರನ್ನೂ ಕೂರಿಸಿ ಕೇಳಿದೆ. ಒಬ್ಬಳು ಪರೀಕ್ಷೆಗೇ ಕೂತಿರಲಿಲ್ಲ. ಶುಲ್ಕ ನೂರು ಡಾಲರ್. ಮೊದಲು ಕೈಯಿಂದ ಕಟ್ಟಿ, ಪಾಸಾದ ಮೇಲೆ ಬಿಲ್ ಹಾಕಿ ಅನ್ನೋದು ನಮ್ಮ ನಿಯಮ. ತಿಂಗಳ ಕೊನೆಗೆ ಊರಿಗೆ ದುಡ್ಡು ಕಳಿಸೋಳು, ಫೇಲಾದರೆ ಹೋಯ್ತಲ್ಲ ಅಂತ ಹೆದರಿದ್ದಳು. ಇನ್ನೊಬ್ಬ ಒಂದೇ ಕೋಣೆಯ ಮನೆಯಲ್ಲಿ ಐದು ಜನರ ಜೊತೆ ಇದ್ದ. ಆನ್‌ಲೈನ್ ಪರೀಕ್ಷೆಗೆ ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಯಾರಾದರೂ ಒಳಗೆ ಬಂದರೆ ಪರೀಕ್ಷೆನೇ ರದ್ದಾಗಬಹುದು. ಅವನ ಅಮ್ಮ ಬಾಗಿಲು ತೆಗೆಯದೆ ತೊಂಬತ್ತು ನಿಮಿಷ ಎಲ್ಲಿ ಹೋಗಬೇಕಿತ್ತು?

ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಮೂರನೆಯವನು ಸಮಯ ಸಾಲದೆ ಕೊನೆಯ ಪ್ರಶ್ನೆಗಳನ್ನ ಊಹೆಯಲ್ಲಿ ಒತ್ತಿದ್ದ. ಇಂಗ್ಲಿಷ್ ತಾಯ್ನುಡಿ ಅಲ್ಲದವರು ಕೇಳಿದರೆ ಎಡಬ್ಲ್ಯೂಎಸ್ 30 ನಿಮಿಷ ಹೆಚ್ಚಿಗೆ ಕೊಡುತ್ತೆ. ಪರೀಕ್ಷೆ ಬುಕ್ ಮಾಡೋಕೆ ಮುಂಚೆನೇ ಖಾತೆಯಲ್ಲಿ ESL +30 MINUTES ಅಂತ ಕೋರಬೇಕು, ಅಷ್ಟೇ. ಅದು ಇದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನೇ ಅಲ್ಲವಾ?

ಆಮೇಲೆ ಶೀಟ್ ಬದಲಾಯಿಸಿದೆ. ಗಡುವು ಎಲ್ಲರಿಗೂ ಒಂದೇ ತಾರೀಕು ಅನ್ನೋದು ಹೋಯ್ತು. ವೌಚರ್ ಕೈಗೆ ಬಂದು, ರೋಸ್ಟರ್‌ನಲ್ಲಿ ಓದೋ ಗಂಟೆ ನಮೂದಾದ ದಿನದಿಂದ ಒಬ್ಬೊಬ್ಬರ ಎಣಿಕೆ ಶುರು. ರಾತ್ರಿ ಪಾಳಿಯವರಿಗೆ ಓದೋ ಸಮಯ ಅವರ ಪಾಳಿಯೊಳಗೇ, ಟಿಕೆಟ್ ನೋಡಿಕೊಳ್ಳೋಕೆ ಬೇರೆಯವರನ್ನ ಹಾಕಿ. ಫೇಲಾದವರು 14 ದಿನ ಕಾಯದೆ ಮತ್ತೆ ಬರೆಯೋ ಹಾಗಿಲ್ಲ. ಹಾಗಾಗಿ ಗಡುವಿನೊಳಗೆ ಎರಡು ಪ್ರಯತ್ನಕ್ಕೆ ಜಾಗ ಇರಬೇಕು, ಎರಡಕ್ಕೂ ಕಂಪನಿನೇ ದುಡ್ಡು ಕಟ್ಟಬೇಕು. ಮನೆಯಲ್ಲಿ ಕೋಣೆ ಇಲ್ಲದವರಿಗೆ ಪರೀಕ್ಷಾ ಕೇಂದ್ರ.

ಬಣ್ಣ ತೆಗೆದು, ಎಲ್ಲಿ ನಿಂತಿದೆ ಅನ್ನೋ ಕಾಲಂ ಹಾಕಿದೆ: ಓದೋ ಸಮಯ ಸಿಕ್ಕಿಲ್ಲ, ವೌಚರ್ ಬಂದಿಲ್ಲ, ಬುಕ್ ಆಗಿದೆ, ಪಾಸು, ಮರುಪ್ರಯತ್ನ. ಮೊದಲೆರಡು ನೌಕರರ ಬಾಕಿ ಅಲ್ಲ, ನಮ್ಮ ಬಾಕಿ. ಅವು ಮ್ಯಾನೇಜರ್ ಹೆಸರಿಗೆ ಬರೆದೆ. ಶೇಕಡಾವಾರು ಲೆಕ್ಕ ಹಾಕುವಾಗ ಅವಕಾಶ ಸಿಕ್ಕವರನ್ನ ಮಾತ್ರ ಕೆಳಗಿನ ಸಂಖ್ಯೆಗೆ ಹಾಕೋದು. ಆದರೆ ಅವಕಾಶ ಸಿಗದವರ ಸಂಖ್ಯೆ ಪಕ್ಕದಲ್ಲೇ ಕಾಣಬೇಕು, ಇಲ್ಲಾಂದ್ರೆ ಮ್ಯಾನೇಜರ್‌ಗಳು ಅವಕಾಶ ಕೊಡದೇ ಶೇ. 100 ತೋರಿಸ್ತಾರೆ. ಯಾರು ಫೇಲಾದರು ಅನ್ನೋದು ಆ ವ್ಯಕ್ತಿಗೆ ಮತ್ತು ನನಗೆ ಬಿಟ್ಟು ಯಾರಿಗೂ ಕಾಣಲ್ಲ.

ಏಣಿಯ ವಿಷಯಕ್ಕೂ ಜಗಳ ಆಯ್ತು. ಮೊದಲ ಮೆಟ್ಟಿಲು ಎಲ್ಲರಿಗೂ. ಎರಡನೆಯದು, ಅಂದರೆ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್, ಗ್ರಾಹಕರ ಸಿಸ್ಟಮ್ ಕಟ್ಟೋ ಕೆಲಸ ಇರೋರಿಗೆ. ಮೂರನೆಯ ಪ್ರೊಫೆಷನಲ್ ಇಷ್ಟ ಇದ್ದವರಿಗೆ. ಎರಡನೇ ಮೆಟ್ಟಿಲಿಗೆ ಸಂಬಳ ಜೋಡಿಸಬೇಕಾದರೆ, ಆ ಕೆಲಸವನ್ನ ಯಾರಿಗೆ ಹಂಚ್ತೀರಿ ಅನ್ನೋದನ್ನೂ ಅದೇ ಶೀಟ್‌ನಲ್ಲಿ ಬರೀರಿ ಅಂದೆ. ಒಳ್ಳೆ ಪ್ರಾಜೆಕ್ಟು ತಮ್ಮವರಿಗೇ ಹೋಗೋದು ಅಲ್ಲೇ. ಇನ್ನೊಂದು, ಅಸೋಸಿಯೇಟ್ ಬರೆಯೋಕೆ ಮೊದಲಿನದು ಪಾಸಾಗಿರಲೇಬೇಕು ಅಂತ ಎಡಬ್ಲ್ಯೂಎಸ್‌ನಲ್ಲೇ ನಿಯಮ ಇಲ್ಲ. ವರ್ಷಗಟ್ಟಲೆ ಕೈಯಾರೆ ಕೆಲಸ ಮಾಡಿದವರು ನೇರವಾಗಿ ಎರಡನೇದಕ್ಕೆ ಹೋಗಲಿ, ನಾವ್ಯಾಕೆ ತಡೀಬೇಕು? ಸರ್ಟಿಫಿಕೇಟ್ ಮೂರು ವರ್ಷಕ್ಕೆ ಮುಗಿಯುತ್ತೆ, ಆ ತಾರೀಕಿಗೂ ಒಂದು ಕಾಲಂ ಬೇಕು.

ಎರಡನೇ ಸುತ್ತಿನಲ್ಲಿ ಐವರಲ್ಲಿ ನಾಲ್ವರು ಪಾಸಾದರು. ಒಬ್ಬ ಎಲ್ಲಾ ಸಿಕ್ಕಿದರೂ ಎರಡು ಸಲ ಫೇಲಾದ. ಅವನು ಹಗಲು ಪಾಳಿಯವನು.